ಮನೆ ಮನಿಯಾಗುವ ಬಗೆ

ಗೋವಾ ಗಡಿಯ ಕ್ಯಾಸಲ್‌ರಾಕ್ ಸ್ಟೇಶನ್ನಿನಲ್ಲಿ ಹುಬ್ಬಳ್ಳಿ ಕಡೆಯವರು 'ಮನಿ', 'ಎಲಿ', 'ಐತಿ' ಅಂದರೆ ಮೈಸೂರಿನ ಕಿವಿ 'ಮನೆ', 'ಎಲೆ', 'ಐತೆ' ಹುಡುಕುತ್ತದೆ. ಧ್ವನಿವಿಜ್ಞಾನಿಗೆ ಇದು ನಾಲಿಗೆಯ ಎತ್ತರದ ಮಾತು. 'ಎ', 'ಇ' ಎರಡಕ್ಕೂ ನಾಲಿಗೆ ಮುಂದಕ್ಕೇ ಇರುತ್ತದೆ, ತುಟಿ ದುಂಡಗಾಗುವುದಿಲ್ಲ. ನಡುಮಟ್ಟದ 'ಎ' ಅಂಗುಳಿನತ್ತ ಏರಿ 'ಇ' ಆಗುತ್ತದೆ, ಅಷ್ಟೇ. ನನಗೆ ಇಷ್ಟವಾಗುವುದು ಅದರ ಶಿಸ್ತು: 'ಎಲಿ'ಯಲ್ಲಿ ಏರಿದ್ದು ಕೊನೆಯ ಸ್ವರ ಮಾತ್ರ, ಮೊದಲ 'ಎ' ಹಾಗೇ ಉಳಿದಿದೆ.

ಧ್ವನಿಮುದ್ರಣದಲ್ಲಿ ಸ್ವರದ ಮೊದಲ ಫಾರ್ಮೆಂಟ್ ಇಳಿದಿದ್ದರೆ ನಾಲಿಗೆ ಏರಿದೆಯೆಂದು ಲೆಕ್ಕ. ಆದರೆ ಗಂಡಸಿನ 'ಮನಿ'ಯನ್ನು ಹೆಂಗಸಿನ 'ಮನೆ'ಯ ಪಕ್ಕ ಇಟ್ಟರೆ ಮೋಸಹೋಗುತ್ತೀರಿ. ಗಂಟಲಿನಿಂದ ತುಟಿವರೆಗಿನ ಉದ್ದವೇ ಬೇರೆ. ಅದೇ ವ್ಯಕ್ತಿಯ ಬಾಯಲ್ಲಿ 'ಹನಿ'ಯನ್ನೂ ಹೇಳಿಸಿ. ಎರಡರ ಕೊನೆಯೂ ಒಂದೇ ಆದರೆ, ಅವರ 'ಎ' ಪೂರ್ತಿ 'ಇ' ಆಗಿದೆ.