ಎಳೆದು ಬಿಟ್ಟ ಫೈಲ್ ಎಲ್ಲಿಗೆ ಹೋಯಿತು?

ಕೀಬೋರ್ಡ್ ವಿನ್ಯಾಸಗಳ ಜಗಳವನ್ನು ಈ ವಾರ ಮುಗಿಸುತ್ತೇನೆ ಎಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ನಮ್ಮ ಬೀದಿಯ ರಾಯರೊಬ್ಬರ ಮಗಳ ಲಗ್ನಪತ್ರಿಕೆ ಹಳೆಯ ಮುಹೂರ್ತದೊಂದಿಗೇ ಅಚ್ಚಾಗಿ ಬಂದಿದೆ. ಕಂಪ್ಯೂಟರ್ ಮುಂದೆ ಈಗಷ್ಟೇ ಕೂತವರು ಮೊದಲು ಕಲಿಯಬೇಕಾದ ಪಾಠ ಅದರಲ್ಲೇ ಇದೆ. ಬಲ್ಲ ಓದುಗರು ಈ ಅಂಕಣವನ್ನು ಮನೆಯ ಹಿರಿಯರಿಗೆ ದಾಟಿಸಲಿ.

ಪತ್ರಿಕೆಯ ಫೈಲ್ ಪೆನ್‌ಡ್ರೈವಿನಲ್ಲಿತ್ತು. ರಾಯರು ಅದನ್ನು ಮೌಸಿನಲ್ಲಿ ಹಿಡಿದು ಡೆಸ್ಕ್‌ಟಾಪಿಗೆ ಎಳೆದು ಬಿಟ್ಟರು. ಅಲ್ಲೇ ತೆರೆದು ಮುಹೂರ್ತ ತಿದ್ದಿದರು, ಸೇವ್ ಮಾಡಿದರು, ಪೆನ್‌ಡ್ರೈವನ್ನು ಪ್ರೆಸ್ಸಿಗೆ ಕೊಟ್ಟು ಬಂದರು. "ಫೈಲನ್ನು ಎಳೆದು ತಂದಿದ್ದೆನಲ್ಲ ಸ್ವಾಮಿ, ತಿದ್ದಿದ್ದೂ ಅದನ್ನೇ ಅಲ್ಲವೇ?" ಎಂದು ನನ್ನನ್ನು ಕೇಳಿದರು. ಅದನ್ನಲ್ಲ. ಎಳೆದು ಬಿಟ್ಟ ಕ್ಷಣದಿಂದ ಫೈಲ್ ಎರಡಾಗಿತ್ತು:

```
E:\Lagna\patrike.docx
C:\Users\Rao\Desktop\patrike.docx
```

ಎರಡರ ಹೆಸರೂ ಒಂದೇ, ಪಾತ್ ಮಾತ್ರ ಬೇರೆ. ಪಾತನ್ನು ಎಡದಿಂದ ಓದಿ. ಮೊದಲು ಬರುವುದು ಡ್ರೈವ್. ಇಲ್ಲಿ `C:` ಎಂದರೆ ಕಂಪ್ಯೂಟರಿನೊಳಗಿನ ಡಿಸ್ಕ್, `E:` ಎಂದರೆ ಸಿಕ್ಕಿಸಿದ ಪೆನ್‌ಡ್ರೈವ್. (`A:` ಮತ್ತು `B:` ಹಿಂದೆ ಫ್ಲಾಪಿಗೆ ಮೀಸಲಾಗಿದ್ದವು. ಫ್ಲಾಪಿ ಹೋದರೂ ಎಣಿಕೆ `C:`ಯಿಂದಲೇ ಉಳಿದುಕೊಂಡಿದೆ.) ಆಮೇಲೆ ಫೋಲ್ಡರು, ಅದರೊಳಗೆ ಇನ್ನೊಂದಿದ್ದರೆ ಅದು, ಕೊನೆಗೆ ಫೈಲಿನ ಹೆಸರು. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ `Properties` ತೆರೆದರೆ `Location` ಎಂಬಲ್ಲಿ ಅದು ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿದೆ ಎಂಬುದು ಕಾಣುತ್ತದೆ.

ರಾಯರು ಎಡವಿದ್ದಕ್ಕೆ ವಿಂಡೋಸಿನ ಒಂದು ಪದ್ಧತಿ ಕಾರಣ. ಒಂದೇ ಡ್ರೈವಿನೊಳಗೆ ಎಳೆದು ಬಿಟ್ಟರೆ ಅದು ಮೂವ್: ಫೈಲ್ ಹಳೆಯ ಜಾಗದಲ್ಲಿ ಉಳಿಯುವುದಿಲ್ಲ. ಒಂದು ಡ್ರೈವಿನಿಂದ ಇನ್ನೊಂದಕ್ಕೆ ಎಳೆದರೆ ಕಾಪಿ: ಮೂಲ ಅಲ್ಲೇ ಇರುತ್ತದೆ, ಹೊಸದೊಂದು ಇಲ್ಲಿ ಹುಟ್ಟುತ್ತದೆ. ಆಮೇಲೆ ಒಂದನ್ನು ತಿದ್ದಿದರೆ ಇನ್ನೊಂದಕ್ಕೆ ಅದರ ಸುಳಿವೂ ಇರುವುದಿಲ್ಲ. ಕೈ ಮಾಡುವ ಕೆಲಸ ಒಂದೇ, ಫಲ ಎರಡು ಬಗೆ. ಗುಂಡಿ ಬಿಡುವ ಮೊದಲು ಮೌಸಿನ ಬಾಣದ ಪಕ್ಕ ನೋಡಿ. ಕೂಡುವ ಚಿಹ್ನೆಯೊಂದಿಗೆ `Copy to` ಎಂದಿದೆಯೋ, `Move to` ಎಂದಿದೆಯೋ ಅಲ್ಲೇ ತಿಳಿಯುತ್ತದೆ. `Ctrl` ಒತ್ತಿ ಹಿಡಿದು ಎಳೆದರೆ ಎಲ್ಲಿಗಾದರೂ ಕಾಪಿ, `Shift` ಒತ್ತಿ ಹಿಡಿದರೆ ಎಲ್ಲಿಗಾದರೂ ಮೂವ್.

ಹೀಗೇಕೆ ಎಂಬ ಪ್ರಶ್ನೆ ಬಂದಾಗಲೆಲ್ಲ ನಾನು ತೆರೆದು ಕೂರುವುದು ಡೆನಿಸ್ ರಿಚಿ ಮತ್ತು ಕೆನ್ ಥಾಂಪ್ಸನ್ 1974ರಲ್ಲಿ ಯುನಿಕ್ಸ್ ಕುರಿತು ಪ್ರಕಟಿಸಿದ ಲೇಖನವನ್ನು. ಫೈಲ್ ಎನ್ನುವುದು ಫೋಲ್ಡರಿನ ಹೊಟ್ಟೆಯೊಳಗೆ ಇರುವುದೇ ಇಲ್ಲ ಎನ್ನುತ್ತಾರೆ ಅವರು. ಫೋಲ್ಡರಿನಲ್ಲಿರುವುದು ಹೆಸರು, ಮತ್ತು ಆ ಹೆಸರಿನ ಫೈಲಿನ ವಿವರ ಎಲ್ಲಿದೆ ಎಂಬ ಗುರುತು, ಅಷ್ಟೇ. ವಿಂಡೋಸಿನ ಒಳರಚನೆ ಬೇರೆಯಾದರೂ ಈ ಮಾತು ಅಲ್ಲಿಯೂ ಸಲ್ಲುತ್ತದೆ. ಒಂದೇ ಡ್ರೈವಿನಲ್ಲಿ ಮೂವ್ ಮಾಡಿದಾಗ ಒಂದು ಪಟ್ಟಿಯಿಂದ ಹೆಸರು ಹೋಗಿ ಇನ್ನೊಂದು ಪಟ್ಟಿ ಸೇರುತ್ತದೆ. ಫೈಲಿನ ಮಾಹಿತಿ ಡಿಸ್ಕಿನ ಮೇಲೆ ಇದ್ದಲ್ಲೇ ಇರುತ್ತದೆ. ಮದುವೆಯ ಇಡೀ ವಿಡಿಯೋ ಕಣ್ಣು ಮಿಟುಕಿಸುವಷ್ಟರಲ್ಲಿ ಜಾಗ ಬದಲಿಸುವುದು ಇದರಿಂದಲೇ. ಇನ್ನೊಂದು ಡ್ರೈವಿಗಾದರೆ ಅಷ್ಟೂ ಮಾಹಿತಿಯನ್ನು ಅಲ್ಲಿ ಹೊಸದಾಗಿ ಬರೆಯಬೇಕು. ಹಸಿರು ಪಟ್ಟಿ ನಿಧಾನಕ್ಕೆ ತುಂಬುವುದು ಅದಕ್ಕೇ. ಡ್ರೈವ್‌ಗಳ ನಡುವಿನ ಮೂವ್ ಎಂದರೆ ಮೊದಲು ಕಾಪಿ, ಆಮೇಲೆ ಮೂಲವನ್ನು ಅಳಿಸುವುದು. ಆದ್ದರಿಂದ ಅಲ್ಲಿ ಮೂವ್ ಬೇಡವೇ ಬೇಡ ಎನ್ನುತ್ತೇನೆ. ಕಾಪಿ ಮಾಡಿ, ಹೊಸ ಫೈಲನ್ನು ತೆರೆದು ನೋಡಿ, ಸರಿಯಿದ್ದರೆ ಹಳೆಯದನ್ನು ನೀವೇ ಅಳಿಸಿ. ಪೆನ್‌ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ರಿಸೈಕಲ್ ಬಿನ್ನಿಗೆ ಹೋಗುವುದಿಲ್ಲ ಎಂಬುದು ನೆನಪಿರಲಿ.

ಫೋಲ್ಡರು, ಪಾತು ಎಲ್ಲ ಹಳೆಯ ಕಾಲದ್ದು, ಹೆಸರು ಟೈಪ್ ಮಾಡಿ ಹುಡುಕಿದರೆ ಸಾಕು ಎನ್ನುವ ಪಂಗಡವೊಂದಿದೆ. ಈ ಅಂಕಣದಲ್ಲಿ ಅವರೊಂದಿಗೆ ಹಿಂದೆಯೂ ವಾದ ಮಾಡಿದ್ದೇನೆ. ರಾಯರ ಕಂಪ್ಯೂಟರಿನಲ್ಲಿ ಹುಡುಕಿದಾಗ ಎರಡು `patrike.docx` ಸಿಕ್ಕವು. ಪ್ರೆಸ್ಸಿಗೆ ಹೋದದ್ದು ಯಾವುದೆಂದು ಹೆಸರು ಹೇಳಲಿಲ್ಲ, ಪಾತ್ ಹೇಳಿತು. ತಿದ್ದಿದ್ದು ಯಾವುದೆಂದು `Date modified` ಹೇಳಿತು. ಹುಡುಕಾಟ ಫೈಲನ್ನು ತಂದುಕೊಡುತ್ತದೆ, ಒಪ್ಪಿದೆ. ಆದರೆ ಒಂದೇ ಹೆಸರಿನ ಎರಡು ಎದುರಿಗೆ ನಿಂತಾಗ ಆರಿಸಬೇಕಾದವರು ನಾವು, ಪಾತ್ ಓದಲು ಬಾರದವರು ಆರಿಸುವುದು ಹೇಗೆ?

ಎರಡನೆಯ ಸಲ ಅಚ್ಚಿಗೆ ಕೊಡುವ ಮುನ್ನ ರಾಯರಿಗೆ ಹೇಳಿದ್ದು ಇಷ್ಟೇ. ಡೆಸ್ಕ್‌ಟಾಪಿನ ಫೈಲನ್ನು ಕಾಪಿ ಮಾಡಿ `E:\Lagna`ದಲ್ಲಿ ಪೇಸ್ಟ್ ಮಾಡಿ. ಅದೇ ಹೆಸರಿನದು ಆಗಲೇ ಇದೆ ಎಂದು ಕಂಪ್ಯೂಟರ್ ತಡೆದು ಕೇಳುತ್ತದೆ, `Replace` ಆರಿಸಿ. ಆಮೇಲೆ ಪೆನ್‌ಡ್ರೈವಿನ ಫೈಲನ್ನೇ ತೆರೆದು ಮುಹೂರ್ತದ ಸಾಲನ್ನು ಓದಿ, ಮುಚ್ಚಿ, `Eject` ಕೊಟ್ಟು ಪೆನ್‌ಡ್ರೈವನ್ನು ಕೀಳಿ.