ಗಣಪತಿ ಕೂರಿಸಿದ ದಿನದ ಹನಿ

ಎರಡು ಕಾಲಮಿನ ಒಂದು ಪಟ್ಟಿ ಈಗ ಎಲ್ಲ ಕಡೆ ಓಡಾಡುತ್ತಿದೆ. ಮಾಸಪತ್ರಿಕೆಯ ಆರೋಗ್ಯ ಪುಟದಲ್ಲಿದೆ, ಔಷಧಿ ಅಂಗಡಿಯ ಕ್ಯಾಲೆಂಡರಿನ ಹಿಂಬದಿಯಲ್ಲಿದೆ, ಹೊಸದಾಗಿ ಮದುವೆಯಾದವರ ಮೊಬೈಲಿನಲ್ಲಂತೂ ಇದ್ದೇ ಇದೆ. ಎಡಗಡೆ ‘ಇಂಪ್ಲಾಂಟೇಶನ್ ಬ್ಲೀಡಿಂಗ್’: ನಸುಗೆಂಪು ಇಲ್ಲವೇ ಕಂದು, ಒಂದೆರಡು ದಿನ, ಹನಿಹನಿ, ಗಡ್ಡೆ ಇಲ್ಲ. ಬಲಗಡೆ ‘ಮುಟ್ಟು’: ಕಡುಗೆಂಪು, ನಾಲ್ಕೈದು ದಿನ, ಹರಿವು ಹೆಚ್ಚು, ಗಡ್ಡೆ ಉಂಟು. ಎಡದ್ದಾದರೆ ಖುಷಿಪಡಿ, ಬಲದ್ದಾದರೆ ಮುಂದಿನ ತಿಂಗಳು ನೋಡಿ. ಈ ಪಟ್ಟಿಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ಬಹಳ ಹೆಚ್ಚು ಎಂಬುದು ನನ್ನ ತಕರಾರು. ಹಾಗೆ ನೋಡಿದರೆ ನಮ್ಮ ಹುನಗುಂದ ಸೀಮೆಯ ಮುದುಕಿಯರ ಎರಡು ಪ್ರಶ್ನೆಗಳಿಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ.

ಪಟ್ಟಿಯ ಮೇಲೆ ಸಾಮಾನ್ಯವಾಗಿ ಒಂದು ವಾಕ್ಯ ಇರುತ್ತದೆ: ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವಾಗ ಸಣ್ಣ ರಕ್ತನಾಳಗಳು ಒಡೆದು ತುಸು ರಕ್ತ ಹೊರಬರುತ್ತದೆ. ಕೇಳಲು ಸರಿಯಾಗೇ ಇದೆ. ಸಸಿ ನೆಡುವಾಗ ಮಣ್ಣು ಕೆದರುವುದಿಲ್ಲವೇ, ಹಾಗೆ. ಆದರೆ ನೆಡುವ ಹೊತ್ತಿನಲ್ಲಿ ಆ ಭ್ರೂಣದ ಅಳತೆ ಒಂದು ಮಿಲಿಮೀಟರಿನ ಹತ್ತರಲ್ಲೊಂದು, ಎರಡು ಪಾಲು ಅಷ್ಟೇ. ಅದು ಗೋಡೆಯ ಮೇಲೆ ಕೂತುಬಿಡುವುದಿಲ್ಲ, ಒಳಗೆ ಇಳಿಯುತ್ತದೆ, ಇಳಿದ ಮೇಲೆ ದಾರಿ ಮುಚ್ಚಿಕೊಳ್ಳುತ್ತದೆ. ಅದು ಕೊರೆದ ನಾಳದ ರಕ್ತ ಅದರ ಸುತ್ತಲಿನ ಸಣ್ಣ ಪೊಳ್ಳುಗಳಿಗೆ ಹೋಗುತ್ತದೆಯೇ ಹೊರತು ಬಟ್ಟೆಗೆ ಬರುವುದಕ್ಕೆ ಅದಕ್ಕೆ ಸುಲಭದ ದಾರಿ ಇಲ್ಲ.

ಇದಕ್ಕಿಂತ ದೊಡ್ಡ ತೊಡಕು ದಿನಗಳ ಲೆಕ್ಕದ್ದು. ಅಮೆರಿಕದ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು ಗರ್ಭಿಣಿಯಾಗಬೇಕೆಂದಿದ್ದ ಹೆಂಗಸರಿಂದ ದಿನದಿನದ ಮೂತ್ರ ಮತ್ತು ದಿನಚರಿ ಸಂಗ್ರಹಿಸಿ, ಭ್ರೂಣ ಯಾವ ದಿನ ನಾಟಿತು ಎಂದು ಲೆಕ್ಕ ಹಾಕಿದರು. 1999ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ, ಉಳಿದು ಬೆಳೆದ ಗರ್ಭಗಳಲ್ಲಿ ನೂರಕ್ಕೆ 84ರಷ್ಟು ಅಂಡ ಬಿಡುಗಡೆಯಾದ 8, 9 ಅಥವಾ 10ನೆಯ ದಿನ ನಾಟಿದ್ದವು. ಅಂದರೆ ಮುಟ್ಟು ಬರಬೇಕಾದ ದಿನಕ್ಕಿಂತ ನಾಲ್ಕರಿಂದ ಆರು ದಿನ ಮೊದಲು. ಅದೇ ಮಾಹಿತಿಯನ್ನು 2003ರಲ್ಲಿ ಹಾರ್ವಿಲ್ ಮತ್ತು ಅವರ ತಂಡ ರಕ್ತದ ಪ್ರಶ್ನೆ ಇಟ್ಟುಕೊಂಡು ನೋಡಿತು. 151 ಗರ್ಭಿಣಿಯರಲ್ಲಿ 14 ಮಂದಿಗೆ ಮೊದಲ ಎಂಟು ವಾರಗಳಲ್ಲಿ ಒಂದು ದಿನವಾದರೂ ರಕ್ತ ಕಂಡಿತ್ತು. ಅದು ಕಂಡದ್ದು ಹೆಚ್ಚಾಗಿ ಮುಟ್ಟು ಬರಬೇಕಾಗಿದ್ದ ದಿನದ ಆಸುಪಾಸಿನಲ್ಲಿ. ಭ್ರೂಣ ನಾಟಿದ ದಿನವೇ ಕಂಡದ್ದು ಅಪರೂಪ. ಆ 14ರಲ್ಲಿ 12 ಗರ್ಭಗಳು ಹೆರಿಗೆಯ ತನಕ ಬಂದವು. ನಾಟುವಿಕೆಯಿಂದಲೇ ರಕ್ತ ಬರುತ್ತದೆ ಎಂಬುದಕ್ಕೆ ತಮ್ಮ ಮಾಹಿತಿಯಲ್ಲಿ ಆಧಾರವಿಲ್ಲ ಎಂದೇ ಅವರು ಬರೆದರು.

ಹಾಗಾದರೆ ಈ ಮಾತು ಹುಟ್ಟಿದ್ದು ಎಲ್ಲಿ? ಒಂದು ದೊಡ್ಡ ಬೇರು ಮಂಗಗಳಲ್ಲಿದೆ. ಕಾರ್ಲ್ ಹಾರ್ಟ್‌ಮನ್ ರೀಸಸ್ ಮಂಗಗಳನ್ನು ಸಾಕಿ ನೋಡಿದಾಗ, ಗರ್ಭ ನಿಂತ ಮೇಲೆ ರಕ್ತ ಕಾಣುವುದನ್ನು ಗುರುತಿಸಿದ್ದರು. ಪಠ್ಯಗಳಲ್ಲಿ ಅದು ಇವತ್ತಿಗೂ ‘ಹಾರ್ಟ್‌ಮನ್ ಸೂಚನೆ’. ಮಂಗನಲ್ಲಿ ಕಂಡದ್ದನ್ನು ನಮ್ಮ ಹೆಣ್ಣುಮಕ್ಕಳ ಸೆರಗಿಗೆ ಗಂಟು ಹಾಕುವಾಗ ಯಾರೂ ತಾರೀಖು ಹೊಂದಿಸಿ ನೋಡಲಿಲ್ಲ.

ಈಗ ಮರೋಳದ ಕಡೆಯ ಒಂದು ಪ್ರಸಂಗ. ಹನಿ ನೀರಾವರಿ ಯೋಜನೆಯಿಂದ ಹೆಸರಾದ ಊರು. ಹನಿ ಎಣಿಸುವುದು ಇಲ್ಲಿಯವರಿಗೆ ಹೊಸದಲ್ಲ ಎಂದು ನಾನು ತಮಾಷೆ ಮಾಡುವುದುಂಟು. ಬಂಧುಗಳ ಪೈಕಿ ಒಬ್ಬ ಹೆಣ್ಣುಮಗಳು, ಹೆಸರು ಬೇಡ. 2024ರ ನಾಗರ ಪಂಚಮಿ ಆಗಸ್ಟ್ 9ಕ್ಕೆ ಬಂದಿತ್ತು. ಅವತ್ತು ಅವಳು ಹೊರಗಾಗಿದ್ದಳು, ನಾಗಪ್ಪಗ ಹಾಲೆರೆಯುವುದಕ್ಕೆ ಹೋಗಲಿಲ್ಲ. ಮುಂದಿನ ತಿಂಗಳು ಸೆಪ್ಟೆಂಬರ್ 7, ಗಣೇಶ ಚೌತಿ. ಗಣಪತಿ ಕೂರಿಸುವ ಹೊತ್ತಿಗೆ ಸರಿಯಾಗಿ ಕಲೆ ಕಂಡಿತು. ಮತ್ತೆ ಜಗಲಿಯ ಮೇಲೆ ಕೂತಳು. ಎರಡು ದಿನ ಹನಿಹನಿ, ಮೂರನೆಯ ದಿನ ಏನಿಲ್ಲ. ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಮುಟ್ಟೇ ಎಂದು ಮನೆಯವರೂ ಅಂದುಕೊಂಡರು, ಅವಳೂ ಅಂದುಕೊಂಡಳು. ಅಕ್ಟೋಬರಿನಲ್ಲಿ ದಿನ ತಪ್ಪಿದಾಗ ಆಶಾ ಅಕ್ಕಾರು ಕೊಟ್ಟ ಕಿಟ್‌ನಲ್ಲಿ ಎರಡು ಗೆರೆ. ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ದಿನಾಂಕ ಸೆಪ್ಟೆಂಬರ್ 7, ಹೆರಿಗೆಯ ನಿರೀಕ್ಷಿತ ದಿನಾಂಕ 2025ರ ಜೂನ್ 14 ಎಂದು ಬರೆಯಲಾಯಿತು.

ಮನೆಯ ಆಯಿ ಸುಮ್ಮನಿರಲಿಲ್ಲ. ‘ಎಷ್ಟ ಅರಿವಿ ಬದ್ಲಿ ಮಾಡಿದಿ? ಪಂಚಮ್ಯಾಗ ಆದಂಗ ಆತೋ, ಬ್ಯಾರೆ ಆತೋ?’ ಎಂದು ಕೇಳಿದಳು. ‘ದಿನಕ್ಕೊಂದು ಸಾಕಾತು ಆಯಿ’ ಎಂದಳು ಹುಡುಗಿ. ‘ಹಂಗಾದ್ರ ಅದು ಮುಟ್ಟ ಅಲ್ಲ. ಪಂಚಮಿ ಹಿಡಿದು ಎಣಸ್ರಿ’ ಎಂದು ಮುದುಕಿ ಹಟ ಹಿಡಿದಳು. ಅಕ್ಟೋಬರ್ 19ರ ಸ್ಕ್ಯಾನಿಂಗಿನಲ್ಲಿ ಕಾರ್ಡಿನ ಪ್ರಕಾರ ಗರ್ಭಕ್ಕೆ ಆರು ವಾರ ತುಂಬಬೇಕಿತ್ತು, ಅಂದರೆ ಭ್ರೂಣ ನಾಲ್ಕೈದು ಮಿಲಿಮೀಟರ್. ಪರದೆಯ ಮೇಲೆ ಕಂಡದ್ದು ತಲೆಯಿಂದ ಕುಂಡೆಯವರೆಗೆ 33 ಮಿಲಿಮೀಟರಿನ ಮಗು. ಹತ್ತು ವಾರ ಒಂದು ದಿನ. ಪಂಚಮಿಯಿಂದ ಎಣಿಸಿದರೆ ಒಂದು ದಿನವೂ ಹೆಚ್ಚುಕಡಿಮೆ ಇಲ್ಲ.

ಇಲ್ಲಿ ಪಟ್ಟಿಯ ಅಭಿಮಾನಿಗಳು ‘ನೋಡಿ, ಅದೇ ಇಂಪ್ಲಾಂಟೇಶನ್ ಬ್ಲೀಡಿಂಗ್’ ಎನ್ನುತ್ತಾರೆ. ಎಣಿಸೋಣ. 28 ದಿನದ ಚಕ್ರದವಳಿಗೆ ಅಂಡ ಬಿಡುಗಡೆ ಆಗಸ್ಟ್ 23ರ ಸುಮಾರಿಗೆ. ನಾಟಿದ್ದು ಆಗಸ್ಟ್ 31ರಿಂದ ಸೆಪ್ಟೆಂಬರ್ 2ರೊಳಗೆ ಇರಬೇಕು. ಗಣಪತಿ ಬರುವ ಹೊತ್ತಿಗೆ ಗರ್ಭ ಒಳಗೆ ಕೂತು ಐದರಿಂದ ಏಳು ದಿನವಾಗಿತ್ತು. ಹಾಗಾದರೆ ಆ ರಕ್ತ ಯಾವುದು? ಇಂಥದ್ದೇ ಎಂದು ಬೆರಳಿಟ್ಟು ಹೇಳಲು ಬರುವುದಿಲ್ಲ. ಗರ್ಭಕೋಶದ ಒಳಪದರದ ಅಂಚು ತುಸು ಸಡಿಲವಾಗಿರಬಹುದು, ಗರ್ಭಕಂಠದ ಮೃದುವಾದ ಚರ್ಮದಿಂದ ಬಂದಿರಬಹುದು. ‘ಗರ್ಭದ ಮೊದಲ ವಾರಗಳ ರಕ್ತ’ ಎಂದು ಕರೆದು ಸುಮ್ಮನಾಗುವುದು ಪ್ರಾಮಾಣಿಕ. ಇನ್ನೊಂದು ಸುಳಿವೂ ಇದೆ. ಮೂತ್ರದಲ್ಲಿ ಸಿಗುವ ಹಾರ್ಮೋನು ಬರುವುದೇ ಭ್ರೂಣ ನಾಟಿದ ಮೇಲೆ. ಹನಿ ಕಂಡ ದಿನವೇ ಕಿಟ್‌ನಲ್ಲಿ ಎರಡು ಗೆರೆ ಸ್ಪಷ್ಟವಾಗಿ ಬಂದರೆ ನಾಟುವಿಕೆ ಮುಗಿದು ಕೆಲವು ದಿನವಾಗಿದೆ ಎಂದರ್ಥ.

ಲೆಕ್ಕ ತಪ್ಪಿದ್ದರೆ ಏನಾಗುತ್ತಿತ್ತು? ನಿಜವಾದ ದಿನಾಂಕ ಮೇ 16. ಅವತ್ತು ನೋವು ಬಂದಿದ್ದರೆ ಕಾರ್ಡು 36 ವಾರವೂ ತುಂಬಿಲ್ಲ ಎನ್ನುತ್ತಿತ್ತು, ದಿನ ತುಂಬದ ಹೆರಿಗೆ ಎಂದು ದೊಡ್ಡ ಆಸ್ಪತ್ರೆಗೆ ಓಡಿಸುತ್ತಿದ್ದರು. ಅದಕ್ಕಿಂತ ಕೆಟ್ಟದ್ದು, ನೋವು ಬಾರದೆ 42 ವಾರ ದಾಟಿದರೂ ಕಾರ್ಡಿನ ಪ್ರಕಾರ ಇನ್ನೂ ಹೊತ್ತಿದೆ ಎಂದು ಎಲ್ಲರೂ ಸುಮ್ಮನಿರುತ್ತಿದ್ದರು.

ಗೆಳತಿಯೊಬ್ಬಳು ಈ ಪಟ್ಟಿಯ ಪರ ಬರೆದಿದ್ದಾಳೆ. ಹೆದರಿದ ಹುಡುಗಿಗೆ ಸಮಾಧಾನವಾದರೂ ಸಿಗಲಿ ಎಂಬುದು ಅವಳ ವಾದ. ಪಟ್ಟಿಯ ಬಲಗಡೆಯ ಕಾಲಮ್ಮು ಪೂರಾ ಸುಳ್ಳಲ್ಲ ಎಂದು ನಾನೂ ಒಪ್ಪುತ್ತೇನೆ; ಪ್ರತಿ ತಿಂಗಳಿನಷ್ಟೇ ಹರಿದು, ಅಷ್ಟೇ ದಿನ ಇದ್ದು ನಿಂತರೆ ಅದು ಬಹುಪಾಲು ಮುಟ್ಟೇ. ಆದರೆ ಎಡಗಡೆಯ ಕಾಲಮ್ಮನ್ನು ಮತ್ತೊಮ್ಮೆ ಓದಿ. ಕಂದು ಬಣ್ಣ, ಹನಿಹನಿ, ಗಡ್ಡೆ ಇಲ್ಲ. ಗರ್ಭಕೋಶಕ್ಕೆ ತಲುಪದೆ ನಳಿಕೆಯಲ್ಲೇ ನಿಂತ ಗರ್ಭದ ರಕ್ತವೂ ಎಷ್ಟೋ ಸಲ ಹೀಗೇ ಇರುತ್ತದೆ. ಅದು ನೂರು ಗರ್ಭಗಳಲ್ಲಿ ಒಂದೆರಡು ಮಾತ್ರ, ಆದರೆ ನಳಿಕೆ ಒಡೆದರೆ ರಕ್ತ ಹೊಟ್ಟೆಯೊಳಗೆ ಸುರಿಯುತ್ತದೆ, ಹೊರಗೆ ಆ ಎರಡು ಹನಿಯಷ್ಟೇ. ಬಣ್ಣ ನೋಡಿ ಖುಷಿಪಡಿ ಎಂದು ಹೇಳಿಸಿಕೊಂಡವಳು ಒಂದು ಕಡೆ ಕಿಬ್ಬೊಟ್ಟೆ ಹಿಡಿದ ನೋವನ್ನು ವಾಯು ಎಂದುಕೊಂಡು ಮಲಗುತ್ತಾಳೆ. ಹೆಗಲ ತುದಿಯ ನೋವು, ಕಣ್ಣು ಕತ್ತಲೆ ಬರುವುದು, ಬೆವರು ಇವು ಯಾವ ಕಾಲಮಿನಲ್ಲೂ ಇಲ್ಲ. ಗೆಳತಿಯ ಸಮಾಧಾನದ ಬೆಲೆ ಇದು. ಎರಡು ಗೆರೆ ಬಂದವಳಿಗೆ ಇಂಥ ನೋವು ಕಂಡರೆ ಬೆಳಗಾಗುವ ತನಕ ಕಾಯುವಂತಿಲ್ಲ. 108ಕ್ಕೆ ಫೋನು ಮಾಡಿ, ಸ್ಕ್ಯಾನಿಂಗೂ ಆಪರೇಷನ್ನೂ ಎರಡೂ ಇರುವ ಕಡೆಗೇ ಹೋಗಬೇಕು.

ಇನ್ನೊಂದು ಗುಂಪಿನೊಂದಿಗೂ ನನಗೆ ಜಗಳವಿದೆ. ಹನಿ ಕಂಡರೆ ಸಾಕು, ಹಾಸಿಗೆ ಬಿಟ್ಟು ಏಳಬೇಡ, ಹಾರ್ಮೋನಿನ ಗುಳಿಗೆ ನುಂಗು ಎನ್ನುವವರು. ಮೊದಲ ಮೂರು ತಿಂಗಳಲ್ಲಿ ನಾಲ್ವರು ಗರ್ಭಿಣಿಯರಲ್ಲಿ ಸುಮಾರು ಒಬ್ಬಳಿಗೆ ರಕ್ತ ಕಾಣುತ್ತದೆ. ಹನಿಯಷ್ಟೇ ಆಗಿ, ನೋವಿಲ್ಲದೆ, ಸ್ಕ್ಯಾನಿಂಗಿನಲ್ಲಿ ಎದೆಬಡಿತ ಕಂಡರೆ ಹೆಚ್ಚಿನವು ಉಳಿಯುತ್ತವೆ. ಹೆಚ್ಚು ರಕ್ತ, ಜೊತೆಗೆ ನೋವು ಬಂದಾಗ ಗರ್ಭಪಾತದ ಸಂಭವ ಏರುತ್ತದೆ. ಮಲಗಿಸುವುದರಿಂದ ಗರ್ಭ ಉಳಿಯುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಹಾರ್ಮೋನಿನ ವಿಷಯದಲ್ಲಿ 2019ರ ಪ್ರಿಸಂ ಪ್ರಯೋಗವಿದೆ: ರಕ್ತ ಕಂಡ 4,153 ಬ್ರಿಟಿಷ್ ಗರ್ಭಿಣಿಯರಲ್ಲಿ ಪ್ರೊಜೆಸ್ಟರಾನ್ ಪಡೆದವರ ಪೈಕಿ ನೂರಕ್ಕೆ 75 ಮಂದಿಗೆ ಮಗು ಉಳಿಯಿತು, ಪಡೆಯದವರಲ್ಲಿ 72. ಲೆಕ್ಕದ ಕಣ್ಣಿಗೆ ಅದು ಖಚಿತವಾದ ವ್ಯತ್ಯಾಸವಲ್ಲ. ಹಿಂದೆ ಗರ್ಭ ಇಳಿದವರಲ್ಲಿ ಮಾತ್ರ, ಅದರಲ್ಲೂ ಹಲವು ಸಲ ಇಳಿದವರಲ್ಲಿ, ಲಾಭ ಕಂಡಿತು. ಹಾಗಾಗಿ ಹಾರ್ಮೋನು ಕೊಡುವ ಮೊದಲು ಕೇಳಬೇಕಾದದ್ದು ಹಿಂದಿನ ಬಸಿರುಗಳ ಕತೆ. ಬಣ್ಣವಲ್ಲ.

ಮರೋಳದ ಆಯಿಯ ಎರಡು ಪ್ರಶ್ನೆಗಳಿಗೆ ಬರುತ್ತೇನೆ. ಎಷ್ಟು ಅರಿವಿ ಎಂಬುದು ಅಳತೆ, ಪಂಚಮಿಯಂತೆ ಆಯಿತೋ ಎಂಬುದು ಹೋಲಿಕೆ. ಪಟ್ಟಿ ಇಡೀ ಲೋಕದ ಹೆಂಗಸರ ಸರಾಸರಿಯೊಂದಿಗೆ ಹೋಲಿಸುತ್ತದೆ, ಮುದುಕಿ ಆ ಹುಡುಗಿಯನ್ನು ಆ ಹುಡುಗಿಯೊಂದಿಗೇ ಹೋಲಿಸಿದಳು. ಹಬ್ಬದ ದಿನ ಯಾರು ಪೂಜೆಗೆ ಬರಲಿಲ್ಲ ಎಂಬುದು ಇಡೀ ಮನೆಗೆ ನೆನಪಿರುತ್ತದೆ. ಹೊರಗೆ ಕೂರಿಸುವ ಪದ್ಧತಿ ನನಗೆ ಸೇರದು, ಆದರೂ ಅದು ಬಿಟ್ಟುಹೋಗುವ ತಾರೀಖು ಮಾತ್ರ ಗಟ್ಟಿ. ಆಯಿಯ ಲೆಕ್ಕಕ್ಕೂ ಮಿತಿಯಿದೆ. ಅದು ಮುಟ್ಟಲ್ಲ ಎನ್ನಬಲ್ಲದು, ಗರ್ಭ ನಿಂತ ಜಾಗ ಯಾವುದು ಎನ್ನಲಾರದು. ಅದಕ್ಕೆ ಕಿಟ್ ಬೇಕು, ಗೆರೆ ಬರದಿದ್ದರೆ ಎರಡು ಮೂರು ದಿನ ಬಿಟ್ಟು ಮತ್ತೊಂದು ಕಿಟ್ ಬೇಕು, ಗೆರೆ ಬಂದ ಮೇಲೂ ಹನಿ ಕಂಡರೆ ಸ್ಕ್ಯಾನಿಂಗ್ ಬೇಕು.

ಆ ಕಾರ್ಡನ್ನು ನಾನು ನೋಡಿದ್ದೇನೆ. ಜೂನ್ 14ರ ಮೇಲೆ ನೀಲಿ ಪೆನ್ನಿನ ಒಂದು ಅಡ್ಡಗೆರೆ, ಪಕ್ಕದಲ್ಲಿ ಮೇ 16. ಸೆಪ್ಟೆಂಬರ್ 7ನ್ನು ಮಾತ್ರ ಯಾರೂ ಹೊಡೆದಿರಲಿಲ್ಲ.