ಹುಟ್ಟುಹಬ್ಬದ ಕಾರ್ಡೊಂದರ ಪ್ರಾಸ

ಉದಕಮಂಡಲದಲ್ಲಿ ಓದುವ ಮೊಮ್ಮಗಳು ಮಸಿನಗುಡಿಯ ಅಜ್ಜಿಗೆ ಹುಟ್ಟುಹಬ್ಬದ ಕಾರ್ಡ್ ಕಳುಹಿಸುತ್ತಾಳೆಂದು ಭಾವಿಸೋಣ. ಅದರ ಇಂಗ್ಲಿಷ್ ದ್ವಿಪದಿ ಹೀಗಿದೆ: ‘ಗ್ರ್ಯಾಂಡ್‌ಮಾ ಡಿಯರ್, ದ ಹಿಲ್ಸ್ ಆರ್ ಕೋಲ್ಡ್, ಯೂ ಆರ್ ದ ವಾರ್ಮೆಸ್ಟ್ ಶಾಲ್ ವೀ ಹೋಲ್ಡ್.’ ಅಜ್ಜಿಗೆ ಇಂಗ್ಲಿಷ್ ಬಾರದು. ಕನ್ನಡಕ್ಕೆ ತರುವವನ ಕೈ ಮೊದಲು ಅಂತ್ಯಪ್ರಾಸದ ಕಡೆಗೇ ಹೋಗುತ್ತದೆ:

ಪ್ರೀತಿಯ ಅಜ್ಜಿ, ಬೆಟ್ಟದಿ ಚಳಿ,
ಬೆಚ್ಚನೆ ಶಾಲು ನೀನೇ, ಬಾ ಬಳಿ.

ಪ್ರಾಸ ಕೂಡಿತು, ಸಲಿಗೆ ಕೆಟ್ಟಿತು. ಮೂಲದಲ್ಲಿ ಮೊಮ್ಮಗಳು ಅಜ್ಜಿಯನ್ನು ಅಪ್ಪಿಕೊಂಡಿದ್ದಾಳೆ. ಇಲ್ಲಿ ಅಜ್ಜಿಯನ್ನೇ ಕರೆಯುತ್ತಿದ್ದಾಳೆ. ‘ಬಾ ಬಳಿ’ ಎಂಬುದು ‘ಚಳಿ’ಗಾಗಿ ಬಂದ ಮಾತು. ಪದ್ಯದಿಂದ ಪ್ರಾಸವನ್ನು ತೆಗೆದು ಗದ್ಯವಾಗಿ ಓದಿದಾಗ ಯಾವ ಮಾತಿಗೆ ಕೆಲಸವಿಲ್ಲವೋ ಅದು ಬಲವಂತದ್ದು.

ಹಾರೈಕೆಗಳಲ್ಲಿ ಇದಕ್ಕೆ ವಿರುದ್ಧವಾದ ತೊಡಕೂ ಉಂಟು. ‘ಬಾಳು ಬೆಳಗಲಿ, ಆಯುಸ್ಸು ಬೆಳೆಯಲಿ’ ಎಂದು ಎಷ್ಟು ಬೇಕಾದರೂ ಪ್ರಾಸ ಕಟ್ಟಬಹುದು. ಇಂಗ್ಲಿಷಿನಲ್ಲಿ ಪ್ರಾಸ ಹುಡುಕಿ ಪಡೆಯುವಂಥದು, ಅದರಿಂದಲೇ ಅದಕ್ಕೊಂದು ಸೊಗಸು. ಕನ್ನಡದಲ್ಲಿ ‘ಅಲಿ’ ಪ್ರತ್ಯಯ ಅದನ್ನು ಪುಕ್ಕಟೆಯಾಗಿ ಕೊಡುವುದರಿಂದ ಕಿವಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದ್ದರಿಂದ ಸಾಲಿನ ತುದಿಯನ್ನು ಬಿಟ್ಟು ಮೊದಲಿಗೆ ಹೋಗುವುದು ಲೇಸು:

ಹುಟ್ಟಿದ ದಿನವಿದು ನಿನ್ನದು, ಅಜ್ಜಿ;
ಬೆಟ್ಟದ ಚಳಿಯಲಿ ಕಂಬಳಿ ನೀನು.

‘ಹುಟ್ಟಿದ’, ‘ಬೆಟ್ಟದ’ ಎಂಬಲ್ಲಿರುವುದು ದ್ವಿತೀಯಾಕ್ಷರ ಪ್ರಾಸ. ಎರಡರಲ್ಲಿಯೂ ಮೊದಲಕ್ಷರ ಗುರು. ಪ್ರತಿ ಸಾಲಿನಲ್ಲೂ ನಾಲ್ಕು ಮಾತ್ರೆಯ ಮೂರು ಗಣಗಳು, ಕೊನೆಗೆ ಮೂರು ಮಾತ್ರೆ. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಕೈಬಿಟ್ಟದ್ದು ಈ ಪ್ರಾಸವನ್ನೇ. ಅವರಿಗೆ ಅದು ಸಂಕೋಲೆಯಾಗಿತ್ತು. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಬಂದ ಮೇಲಂತೂ ಅನುವಾದಕರಿಗೆ ಅಂತ್ಯಪ್ರಾಸವೇ ರೂಢಿಯಾಯಿತು. ಕಡ್ಡಾಯ ತಪ್ಪಿದ ಮೇಲೆ ಹಳೆಯ ಪ್ರಾಸ ಇಂಥ ಸಣ್ಣ ಕೆಲಸಕ್ಕೆ ಹಗುರವಾಗಿ ಒದಗುತ್ತದೆ.

ನಷ್ಟವೂ ಇದೆ. ‘ವೀ ಹೋಲ್ಡ್’ ಎಂಬಲ್ಲಿನ ಅಪ್ಪುಗೆ ಹೋಯಿತು. ‘ಕಂಬಳಿ’ ಅದನ್ನು ಅರ್ಧ ಮಾತ್ರ ತುಂಬುತ್ತದೆ. ಆದರೆ ಇಂಗ್ಲಿಷಿನ ‘ಯೂ’ ಹೇಳದಿದ್ದುದನ್ನು ‘ನೀನು’ ಹೇಳಿತು. ಅಜ್ಜಿಯನ್ನು ಬಹುವಚನದಲ್ಲಿ ಕರೆಯುವ ಮನೆಯಾದರೆ ‘ನಿಮ್ಮದು’, ‘ನೀವು’ ಎಂದು ಬದಲಿಸಬಹುದು, ಮಾತ್ರೆ ಕೆಡುವುದಿಲ್ಲ. ಬಡಗರ ಮನೆಯಾದರೆ ಸಂಬೋಧನೆ ‘ಹೆತ್ತೆ’ ಎಂದಾಗುತ್ತದೆ. ಅದೂ ಮೂರೇ ಮಾತ್ರೆ.

ಇನ್ನು ಬೆಚ್ಚನೆಯ ವಿಚಾರ. ಕನ್ನಡದ ಹಾರೈಕೆ ಸಾಮಾನ್ಯವಾಗಿ ತಂಪಿನದು. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದೇ ಹಿರಿಯರು ಹರಸುತ್ತಾರೆ. ಮಂಜು ಬೀಳುವ ಉದಕಮಂಡಲದಿಂದ ಬರೆಯುವವಳಿಗೆ ಕಂಬಳಿ ಸಹಜ. ಆದರೆ ಕಾರ್ಡನ್ನು ಓದುವುದು ಬೆಟ್ಟದ ಕೆಳಗೆ, ಮಸಿನಗುಡಿಯ ಬಿಸಿಲಿನಲ್ಲಿ. ‘ಬೆಟ್ಟದ ಚಳಿಯಲಿ’ ಎಂಬ ಮಾತನ್ನು ಪ್ರಾಸಕ್ಕಾಗಿಯಲ್ಲದಿದ್ದರೂ ಉಳಿಸಿಕೊಳ್ಳಬೇಕಾದುದು ಇದಕ್ಕಾಗಿ: ಅದಿಲ್ಲದಿದ್ದರೆ ಅಜ್ಜಿಗೆ ಕಂಬಳಿ ಸೆಕೆಯಾದೀತು.